ಎಕ್ಸ್‌ರೇ ನಾರ್ಮಲ್ ಬಂತು ಅಂತ ಓಡಬೇಡಿ

"ಸರ್, ನನಗೆ 22 ವರ್ಷ, ಮಂಡ್ಯ ಹತ್ತಿರದ ಊರು. ಕಾನ್‌ಸ್ಟೇಬಲ್ ಫಿಸಿಕಲ್‌ಗೆ ಅಂತ ಐದು ವಾರದಿಂದ ಟಾರು ರಸ್ತೇಲಿ ದಿನಾ 5 ಕಿ.ಮೀ. ಓಡ್ತಿದ್ದೀನಿ. ಮೊದಲು ಎರಡೂ ಕಾಲಿನ ಮುಂದಿನ ಮೂಳೆ ನೋಯ್ತಿತ್ತು. ಈಗ ಎಡಗಾಲು ಮಾತ್ರ ಜಾಸ್ತಿ, ರಾತ್ರಿ ಮಲಗಿದ್ರೂ ನೋವು. ಎಕ್ಸ್‌ರೇ ನಾರ್ಮಲ್. ಶಿನ್ ಸ್ಪ್ಲಿಂಟ್ಸ್ ಅಂತಾರೆ ಫ್ರೆಂಡ್ಸ್. ಒಳ್ಳೆ ಶೂ ತಗೊಂಡ್ರೆ ಸಾಕಾ?"

ಶೂ ಆಮೇಲೆ ನೋಡೋಣ. ಮೊದಲು ಇವತ್ತಿನಿಂದಲೇ ಓಟ ನಿಲ್ಲಿಸಿ.

ಕುಳಿತುಕೊಂಡು ಎಡಗಾಲನ್ನು ಬಲತೊಡೆಯ ಮೇಲೆ ಇಟ್ಟುಕೊಳ್ಳಿ. ಮಂಡಿಯ ಕೆಳಗಿನಿಂದ ಪಾದದ ಗಂಟಿನವರೆಗೆ, ಮೂಳೆಯ ಒಳಅಂಚಿನ ಮೇಲೇ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಶಿನ್ ಸ್ಪ್ಲಿಂಟ್ಸ್ ಅಂದರೆ ಮೂಳೆ ಬಿರುಕು ಬಿಡದೆ, ಓಟದ ಹೊಡೆತಕ್ಕೆ ಅದರ ಒಳಅಂಚು ನೋಯುವುದು. ಅದಾದರೆ ನೋವು ಉದ್ದಕ್ಕೆ ಹರಡಿರುತ್ತದೆ, ಕನಿಷ್ಠ ಮೂರು ಬೆರಳಗಲ. ಹೆಚ್ಚಾಗಿ ಕೆಳಗಿನ ಅರ್ಧದಲ್ಲಿ ಇರುತ್ತದೆ. ಓಟ ಶುರು ಮಾಡಿದಾಗ ನೋಯುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ, ಓಟ ಮುಗಿದ ಮೇಲೆ ಮತ್ತೆ ಬರುತ್ತದೆ. ಸ್ಟ್ರೆಸ್ ಫ್ರಾಕ್ಚರ್ ಅಂದರೆ ಪದೇ ಪದೇ ಬಿದ್ದ ಹೊಡೆತಕ್ಕೆ ಮೂಳೆಯಲ್ಲಿ ಬಿಡುವ ಸಣ್ಣ ಬಿರುಕು. ಅದಾದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತಿದರೆ 'ಅಮ್ಮಾ' ಅನ್ನುತ್ತೀರಿ. ಓಡುತ್ತಾ ಹೋದಂತೆ ನೋವು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆಮೇಲೆ ನಡೆದರೂ ನೋವು, ಮಲಗಿದರೂ ನೋವು. ಎರಡು ಕಾಲಿನ ನೋವು ಒಂದೇ ಕಾಲಿಗೆ ಬಂದು ನಿಂತಿದೆ, ರಾತ್ರಿಯೂ ಬಿಡುತ್ತಿಲ್ಲ ಅಂದರೆ ನನಗೆ ಎರಡನೆಯದರ ಮೇಲೇ ಅನುಮಾನ. ಒಂಟಿಕಾಲಲ್ಲಿ ಕುಪ್ಪಳಿಸಿ ಪರೀಕ್ಷೆ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೂದಲೆಳೆಯ ಬಿರುಕು ಪೂರ್ತಿ ಬಿಟ್ಟರೆ?

ಆ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಸುತ್ತ ಹೊಸ ಮೂಳೆ ಕಟ್ಟಲು ಶುರುವಾದ ಮೇಲೆ ಕಾಣಬಹುದು, ಕಾಣದೆಯೂ ಇರಬಹುದು. ಎಂಆರ್‌ಐಯಲ್ಲಿ ಬೇಗ ಗೊತ್ತಾಗುತ್ತದೆ. ಅಷ್ಟು ದುಡ್ಡಿಲ್ಲ ಅಂದರೆ ಎರಡು ಮೂರು ವಾರ ಬಿಟ್ಟು ಮತ್ತೊಂದು ಎಕ್ಸ್‌ರೇ ತೆಗೆಸಿ. ಅಲ್ಲಿಯವರೆಗೆ ಫ್ರಾಕ್ಚರ್ ಇದೆ ಅಂತಲೇ ನಡೆದುಕೊಳ್ಳಿ.

ಐದನೇ ವಾರದಲ್ಲೇ ಯಾಕೆ ಹೀಗೆ? ಓಟದ ಹೊಡೆತ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಅಲ್ಲಿ ಹೊಸದು ಕಟ್ಟುತ್ತದೆ. ಕರಗುವುದು ಬೇಗ, ಕಟ್ಟುವುದು ನಿಧಾನ. ರಸ್ತೆ ಅಗೆದು ಹಾಕಿ ಟಾರು ಹಾಕುವ ಮುಂಚೆಯೇ ಕಬ್ಬಿನ ಲಾರಿ ಬಿಟ್ಟ ಹಾಗೆ ಈ ಮಧ್ಯದ ವಾರಗಳು. ಅಷ್ಟರಲ್ಲಿ ಉಸಿರು ಪಳಗಿರುತ್ತದೆ, ಹುಮ್ಮಸ್ಸು ಬಂದಿರುತ್ತದೆ, ಓಟ ಜಾಸ್ತಿ ಮಾಡುತ್ತೀರಿ. ಅದೂ ದಿನಾ, ರಜೆಯೇ ಇಲ್ಲದೆ. ನಿಮ್ಮ ಪರೀಕ್ಷೆ ಇರುವುದು 1600 ಮೀಟರ್, ಅಲ್ವಾ? ದಿನಾ 5 ಕಿ.ಮೀ. ಯಾರು ಹೇಳಿದರು?

ಫ್ರಾಕ್ಚರ್ ಅಂತ ಖಚಿತವಾದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಓಟವಿಲ್ಲ. ನಡೆದರೂ ನೋಯುವುದಾದರೆ ಊರುಗೋಲು ಅಥವಾ ಡಾಕ್ಟರ್ ಹೇಳಿದ ಬೂಟು ಬೇಕು. ಒತ್ತಿದರೆ ನೋಯಬಾರದು, ಅರ್ಧ ಗಂಟೆ ಬಿರುಸಾಗಿ ನಡೆದರೂ ನೋಯಬಾರದು. ಆಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ನೋವು ಒಳಅಂಚಲ್ಲಿ ಇರದೆ ಮೂಳೆಯ ಎದುರಿನ ಮಧ್ಯಭಾಗದಲ್ಲಿದ್ದರೆ ಕಾಯಬೇಡಿ, ಮೂಳೆ ಡಾಕ್ಟರನ್ನು ಈ ವಾರವೇ ನೋಡಿ. ಆ ಜಾಗದ ಬಿರುಕು ಸುಲಭಕ್ಕೆ ಕೂಡುವುದಿಲ್ಲ, ಪೂರ್ತಿ ಮುರಿಯಲೂಬಹುದು.

ಬರೀ ಶಿನ್ ಸ್ಪ್ಲಿಂಟ್ಸ್ ಆಗಿದ್ದರೆ ನೋವು ತಗ್ಗುವವರೆಗೆ ಓಟ ಬಿಡಿ. ಮೀನಖಂಡ ಗಟ್ಟಿಯಾಗಲು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾಡಿ: ಮಂಡಿ ನೇರ ಇಟ್ಟು ಒಮ್ಮೆ, ಸ್ವಲ್ಪ ಮಡಚಿ ಒಮ್ಮೆ.

ಇನ್ನು ಶೂ. ತಳ ಸವೆದ ಕ್ಯಾನ್ವಾಸ್ ಬಿಸಾಕಿ, ಕಾಲಿಗೆ ಹಿತವಾಗಿ ಕೂರುವ ಓಟದ ಶೂ ತಗೊಳ್ಳಿ. ಆದರೆ ದುಬಾರಿ ಶೂ ಹಾಕಿಕೊಂಡು ಅಷ್ಟೇ ಓಡಿದರೆ ಅಷ್ಟೇ ನೋವು. ರಸ್ತೆ ಅಂಚಿನ ಇಳಿಜಾರಲ್ಲಿ ಯಾವಾಗಲೂ ಒಂದೇ ಬದಿ ಓಡಬೇಡಿ. ಮಣ್ಣಿನ ದಾರಿಗೆ ಹೋಗುವುದಾದರೂ ಒಮ್ಮೆಗೇ ಪೂರ್ತಿ ಬದಲಾಯಿಸಬೇಡಿ.

"ಚಾಮುಂಡಿ ಬೆಟ್ಟದ ರಸ್ತೆ ಇಳಿಯುತ್ತಾ ಓಡಿದರೆ ಕಾಲು ಗಟ್ಟಿಯಾಗುತ್ತಂತೆ, ಹೌದಾ?"

ಹೊಸಬರಿಗೆ ಇಳಿಜಾರೇ ಅತಿ ದೊಡ್ಡ ಹೊಡೆತ. ಹತ್ತಿ, ನಡೆದು ಇಳಿಯಿರಿ.

"ಓಡುವ ಮುಂಚೆ ಒಂದು ನೋವಿನ ಮಾತ್ರೆ?"

ಬೇಡ.

"ನಮ್ಮೂರಲ್ಲೊಬ್ಬರು ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿ, ಪಟ್ಟು ಕಟ್ಟುತ್ತಾರೆ."

ಬಿರುಕು ಬಿಟ್ಟ ಮೂಳೆಯನ್ನು ತಿಕ್ಕಿಸಿಕೊಳ್ಳುವುದು ಯಾವ ಬುದ್ಧಿವಂತಿಕೆ? ಬಿಗಿ ಕಟ್ಟಿನಿಂದ ಬೆರಳು ಜೋಮು ಹಿಡಿದು, ಊದಿಕೊಂಡ ಪಾದದ ಸಮೇತ ನನ್ನ ಬಳಿ ಬಂದವರಿದ್ದಾರೆ. ಪಟ್ಟು ಕಟ್ಟುವವರಿಗೆ ದುಡ್ಡು ಕೊಡುವ ಬದಲು ಸುಮ್ನೆ ಮನೆಯಲ್ಲಿ ಕೂತರೂ ಲಾಭ.

"ನಾನು ತೂಕ ಇಳಿಸಲು ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತೇನೆ, ರಾತ್ರಿ ಊಟ ಬಿಟ್ಟಿದ್ದೇನೆ. ಮೂರು ತಿಂಗಳಿಂದ ಮುಟ್ಟು ಬಂದಿಲ್ಲ. ಕಾಲಿನ ಮೂಳೆ ನೋಯುತ್ತಿದೆ. ಸಂಬಂಧ ಇದೆಯಾ ಮೇಡಂ/ಸರ್?"

ಇದೆ, ಅದಕ್ಕೇ ಗದರುತ್ತಿದ್ದೇನೆ. ತಿನ್ನುವುದು ಕಡಿಮೆಯಾಗಿ ಮುಟ್ಟು ನಿಂತರೆ ಮೂಳೆ ಕಾಯುವ ಈಸ್ಟ್ರೋಜೆನ್ ಹಾರ್ಮೋನ್ ಇಳಿದಿರುತ್ತದೆ, ಮೂಳೆ ಸಡಿಲವಾಗುತ್ತದೆ. ಗರ್ಭ ನಿಂತಿಲ್ಲ ಅಂತ ಖಾತ್ರಿ ಮಾಡಿಕೊಂಡು ಸ್ತ್ರೀರೋಗ ತಜ್ಞರನ್ನು ನೋಡಿ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಕಾಲನ್ನೂ ತೋರಿಸಿ. ರಾತ್ರಿ ಊಟ ಇವತ್ತೇ ಶುರುವಾಗಲಿ. ಓಟ ಮಾತ್ರ ಡಾಕ್ಟರ್ ಹೇಳಿದ ಮೇಲೆ.