ಪುಡಿ ಹಾಲಿನ ಮೊಸರು ಗಟ್ಟಿಯಾಗಬೇಕಾದರೆ

ಪ್ರಶ್ನೆ: "ತಾಜಾ ಹಾಲು ದಿನಾ ಸಿಗುತ್ತಿಲ್ಲ, ಅದಕ್ಕೆ ಹಾಲಿನ ಪುಡಿ ತಂದಿದ್ದೇನೆ. ಪ್ಯಾಕೆಟ್ ಒಡೆದು ಮೂರು ವಾರ ಆಯ್ತು, ಅಲ್ಲಲ್ಲಿ ಗಂಟು ಕಟ್ಟಿದೆ. ಪ್ಯಾಕೆಟ್ ಮೇಲಿನ ಅಳತೆಯಲ್ಲೇ ಕಲಸಿ ಹೆಪ್ಪು ಹಾಕಿದರೂ ಮೊಸರು ನೀರು ನೀರಾಗುತ್ತೆ. ಪುಡಿ ಕೆಟ್ಟಿದೆಯಾ, ಅಳತೆ ತಪ್ಪಾ?"

ಅಳತೆಯಲ್ಲೇ ಎಡವಟ್ಟಾಗಿರುವ ಸಾಧ್ಯತೆ ಹೆಚ್ಚು. ಪ್ಯಾಕೆಟ್ ಮೇಲೆ ಬರೆದಿರುವುದು ಕುಡಿಯುವ ಹಾಲಿನ ಅಳತೆ. ಮೊಸರಿಗೆ ಅದಕ್ಕಿಂತ ಸ್ವಲ್ಪ ಗಟ್ಟಿಯಾಗಿ ಕಲಸಬೇಕು, ಕಲಸಿದ ಮೇಲೆ ಕಾಯಿಸಲೂ ಬೇಕು. ಆದರೂ ಮೊದಲು ಆ ಗಂಟುಗಳನ್ನು ನೋಡಿಬಿಡೋಣ. ಪುಡಿಯೇ ಹಾಳಾಗಿದ್ದರೆ ಮುಂದಿನದೆಲ್ಲ ದಂಡ.

ಒಂದು ಗಂಟನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕಿ. ಪುಡಿಪುಡಿಯಾಗಿ ಉದುರಿದರೆ ಚಿಂತೆಯಿಲ್ಲ, ಒತ್ತಡಕ್ಕೆ ಅಂಟಿಕೊಂಡಿದೆ ಅಷ್ಟೆ. ಸಣ್ಣ ಕಲ್ಲಿನ ಹಾಗೆ ಬೆರಳಿಗೆ ಜಗ್ಗದಿದ್ದರೆ ಒಳಗೆ ತೇವ ಹೋಗಿದೆ ಎಂದರ್ಥ. ಹಾಲಿನ ಪುಡಿಯಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಮೊದಲು ಅಂಟಂಟಾಗುತ್ತದೆ, ಆಮೇಲೆ ಹರಳುಗಟ್ಟುತ್ತದೆ. ಹರಳಾಗುವಾಗ ಹೀರಿದ ನೀರಿನಲ್ಲಿ ಒಂದಷ್ಟನ್ನು ಬಿಟ್ಟುಕೊಡುತ್ತದೆ, ಆ ನೀರು ಪಕ್ಕದ ಪುಡಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಡಬ್ಬಿಯ ಒಂದು ಮೂಲೆಯಲ್ಲಿ ಶುರುವಾದ ಗಟ್ಟಿತನ ಉಳಿದ ಕಡೆಗೂ ಹರಡುತ್ತದೆ. ಮೊಸರಿನ ಮಟ್ಟಿಗೆ ಇದು ಯಾಕೆ ಮುಖ್ಯ ಅಂದರೆ, ತೇವ ತಾಗಿದ ಪುಡಿಯಲ್ಲಿ ಪ್ರೋಟೀನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕರಗದ ಪ್ರೋಟೀನ್ ಮೊಸರಾಗುವುದಿಲ್ಲ, ಪಾತ್ರೆಯ ತಳದಲ್ಲಿ ಮರಳಿನಂತೆ ಕೂರುತ್ತದೆ.

ಸಂಶಯವಿದ್ದರೆ ಗಾಜಿನ ಲೋಟದಲ್ಲಿ ಬೆಚ್ಚಗಿನ ನೀರು ಹಾಕಿ ಒಂದು ಚಮಚ ಪುಡಿ ಚೆನ್ನಾಗಿ ಕಲಸಿ ಹತ್ತು ನಿಮಿಷ ಬಿಡಿ. ತಳದಲ್ಲಿ ದಪ್ಪಗೆ ಗಸಿ ನಿಂತರೆ ಆ ಪುಡಿ ಮೊಸರಿಗೆ ಬೇಡ. ಬಣ್ಣ ಮೊದಲಿಗಿಂತ ಹಳದಿ ಅಥವಾ ಕಂದು ತಿರುಗಿದ್ದರೆ, ಮೂಗಿಗೆ ಹಳೆಯ ಎಣ್ಣೆಯ ಕಮಟು ವಾಸನೆ ಬಡಿದರೆ ಬಿಸಾಡಿ. ಆ ಕಮಟು ಕೊಬ್ಬು ಗಾಳಿಗೆ ಸಿಕ್ಕಿ ಕೆಟ್ಟಿದ್ದರಿಂದ ಬಂದದ್ದು, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕೆನೆ ತೆಗೆದ ಪುಡಿಯಲ್ಲಿ ಕೊಬ್ಬು ತೀರಾ ಕಡಿಮೆ ಇರುವುದರಿಂದ ಅದು ಕೆನೆ ಇರುವ ಪುಡಿಗಿಂತ ಹೆಚ್ಚು ಕಾಲ ತಡೆಯುತ್ತದೆ. ಕೆನೆ ಇರುವ ಪುಡಿಯನ್ನು ಒಡೆದ ಮೇಲೆ ಒಂದು ತಿಂಗಳೊಳಗೆ ಮುಗಿಸುವುದು ನನ್ನ ಲೆಕ್ಕ. ಒಣ ಹವೆಯಿದ್ದರೆ ಇನ್ನೂ ಸ್ವಲ್ಪ ಎಳೆಯಬಹುದು.

ಇಡುವ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿ ಪಾಠ ಕಲಿತಿದ್ದೇನೆ. ಡಬ್ಬಿ ಒಲೆಯ ಪಕ್ಕದಲ್ಲೇ ಇರುತ್ತಿತ್ತು. ಕುದಿಯುವ ಪಾತ್ರೆಯ ಮೇಲೇ ಡಬ್ಬಿ ಬಗ್ಗಿಸಿ ಚಮಚದಲ್ಲಿ ತೆಗೆಯುತ್ತಿದ್ದೆ. ವಾರದೊಳಗೆ ಬಾಯಿಯ ಸುತ್ತ ಬಳೆಯ ಹಾಗೆ ಗಟ್ಟಿ ಪಟ್ಟಿ ಕಟ್ಟಿತು, ಚಾಕುವಿನ ಹಿಡಿಯಲ್ಲಿ ಕುಟ್ಟಿ ಒಡೆಯಬೇಕಾಯಿತು. ಹಬೆ ಮತ್ತು ಒದ್ದೆ ಚಮಚ, ಇವೆರಡೇ ಪುಡಿಯನ್ನು ಹಾಳುಮಾಡುವುದು. ಆಮೇಲೆ ಬುದ್ಧಿ ಬಂದು ಫ್ರಿಜ್ಜಿನಲ್ಲಿಟ್ಟೆ, ಅಲ್ಲೂ ಎಡವಿದೆ. ತಣ್ಣಗಿನ ಡಬ್ಬಿಯನ್ನು ಹೊರಗೆ ತಂದ ತಕ್ಷಣ ತೆರೆದರೆ ಹೊರಗಿನ ಗಾಳಿಯ ತೇವ ತಣ್ಣನೆಯ ಪುಡಿಯ ಮೇಲೆ ಕೂರುತ್ತದೆ. ದಿನಕ್ಕೆ ಎರಡು ಸಲ ತೆರೆಯುವ ಡಬ್ಬಿಗೆ ಫ್ರಿಜ್ ಒಳ್ಳೆಯ ಜಾಗವಲ್ಲ.

ಈಗ ಮಾಡುವುದು ಇಷ್ಟು. ಒಂದು ವಾರಕ್ಕಾಗುವಷ್ಟು ಪುಡಿಯನ್ನು ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಉಳಿದದ್ದು ಬಂದ ಪ್ಯಾಕೆಟ್ಟಿನಲ್ಲೇ ಇರುತ್ತದೆ. ಗಾಳಿಯನ್ನೆಲ್ಲ ಒತ್ತಿ ತೆಗೆದು, ಬಾಯನ್ನು ಎರಡು ಮೂರು ಸಲ ಮಡಚಿ ಕ್ಲಿಪ್ ಹಾಕಿ, ದೊಡ್ಡ ಡಬ್ಬಿಯೊಳಗೆ ಇಟ್ಟು ಒಲೆಯಿಂದ ದೂರದ ಕತ್ತಲ ಮೂಲೆಗೆ ಸೇರಿಸುತ್ತೇನೆ. ಸಣ್ಣ ಡಬ್ಬಿ ಖಾಲಿಯಾದ ಮೇಲೆ ಒರೆಸಿ, ಪೂರ್ತಿ ಒಣಗಿಸಿಯೇ ಮತ್ತೆ ತುಂಬುವುದು. ಹಳೆಯದರ ಮೇಲೆ ಹೊಸದು ಸುರಿಯುವ ಅಭ್ಯಾಸ ಬಿಟ್ಟಿದ್ದೇನೆ.

ಇನ್ನು ಅಳತೆ. ತೂಕ ಮಾಡಿ ನೋಡುವುದೇ ಒಳ್ಳೆಯದು. ಕೆಲವು ಪುಡಿ ಹಗುರ, ಉಬ್ಬಿಕೊಂಡಿರುತ್ತದೆ, ಕೆಲವು ಒತ್ತಾಗಿರುತ್ತದೆ. ಹಾಗಾಗಿ ಒಂದೇ ಕಪ್ಪಿನಲ್ಲಿ ಅಳೆದರೂ ಒಂದರಲ್ಲಿ 70 ಗ್ರಾಂ ಬಂದರೆ ಇನ್ನೊಂದರಲ್ಲಿ 120 ಗ್ರಾಂ ಬರಬಹುದು. ತಕ್ಕಡಿ ಇಲ್ಲದಿದ್ದರೆ ಪ್ಯಾಕೆಟ್ಟಿನ ಒಟ್ಟು ತೂಕ ನೋಡಿ, ಅದರಲ್ಲಿ ಎಷ್ಟು ಕಪ್ ಬರುತ್ತದೆ ಎಂದು ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಕೆನೆ ಇರುವ ಪುಡಿ ಒಂದು ಪಾಲಿಗೆ ನೀರು ಏಳು ಪಾಲು, ತೂಕದಲ್ಲಿ. ಇದು ಕುಡಿಯುವ ಹಾಲು. ಒಂದು ಲೀಟರಿಗೆ ಸುಮಾರು 125ರಿಂದ 130 ಗ್ರಾಂ ಪುಡಿ ಆಗುತ್ತದೆ. ಕೆನೆ ತೆಗೆದ ಪುಡಿಯಾದರೆ ಲೀಟರಿಗೆ 90ರಿಂದ 100 ಗ್ರಾಂ ಸಾಕು.

ಮೊಸರಿಗೆ ಕೆನೆ ಇರುವ ಪುಡಿಯನ್ನು ಲೀಟರಿಗೆ 150 ಗ್ರಾಂಗೆ ಏರಿಸಿ, ಕೆನೆ ತೆಗೆದದ್ದಾದರೆ 120ಕ್ಕೆ. ಮೊಸರು ಅಂದರೆ ಪ್ರೋಟೀನಿನ ಒಂದು ಬಲೆ, ನೀರು ಆ ಬಲೆಯೊಳಗೆ ಸಿಕ್ಕಿಕೊಂಡಿರುತ್ತದೆ. ಎಳೆ ಹೆಚ್ಚಿದಷ್ಟೂ ನೀರು ಗಟ್ಟಿಯಾಗಿ ನಿಲ್ಲುತ್ತದೆ. ಹಾಗಂತ 200 ಗ್ರಾಂ ಸುರಿದರೆ ಹಿಟ್ಟು ಹಿಟ್ಟು ರುಚಿ ಬರುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ.

ಪ್ಯಾಕೆಟ್ಟಿನ ಹಿಂಭಾಗವನ್ನೂ ಒಮ್ಮೆ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಇದ್ದರೆ ನಿಮ್ಮ ಕೈಯಲ್ಲಿರುವುದು ಚಹಾ ಕಾಫಿಗೆ ಬೆರೆಸುವ ವೈಟ್ನರ್. ಅದರಲ್ಲೂ ಮೊಸರಾಗುತ್ತದೆ, ಆದರೆ ಸಿಹಿಯಾಗಿರುತ್ತದೆ, ಮತ್ತು ಸಕ್ಕರೆಯ ತೂಕ ಸೇರಿರುವುದರಿಂದ ಪ್ರೋಟೀನ್ ಕಡಿಮೆ ಬಿದ್ದು ಸಡಿಲವಾಗುತ್ತದೆ. ಸಸ್ಯಜನ್ಯ ಕೊಬ್ಬಿನ ಕ್ರೀಮರ್ ಆಗಿದ್ದರೆ ಹೆಪ್ಪು ಹಾಕುವ ಗೋಜಿಗೇ ಹೋಗಬೇಡಿ. ಶಿಶುಗಳ ಫಾರ್ಮುಲಾ ಪುಡಿಯಲ್ಲೂ ಪ್ರೋಟೀನ್ ಬಹಳ ಕಡಿಮೆ, ಅದು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಅರ್ಧ ಲೀಟರ್ ಮೊಸರನ್ನು ನಾನು ಮಾಡುವ ರೀತಿ ಹೇಳುತ್ತೇನೆ. ಕೆನೆ ಇರುವ ಪುಡಿ 75 ಗ್ರಾಂ, ನೀರು 440 ಮಿಲಿ. ನೀರನ್ನು ಕೈಗೆ ಹಿತವಾಗಿ ಬಿಸಿ ಅನ್ನಿಸುವಷ್ಟು ಮಾತ್ರ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಕುದಿಯುವ ನೀರಿಗೆ ಪುಡಿ ಹಾಕಿದರೆ ಗಂಟಿನ ಹೊರಮೈ ಮೊದಲೇ ಅಂಟಾಗಿ ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ. ಮೊದಲು ಪುಡಿಗೆ ನಾಲ್ಕೈದು ಚಮಚ ನೀರು ಹಾಕಿ ಗಂಟಿಲ್ಲದ ನುಣ್ಣನೆಯ ಮುದ್ದೆ ಮಾಡಿ, ಆಮೇಲೆ ಉಳಿದ ನೀರು ಸ್ವಲ್ಪ ಸ್ವಲ್ಪವೇ ಸೇರಿಸುತ್ತೇನೆ. ಕಲಸಿದ್ದನ್ನು ಅರ್ಧ ಗಂಟೆ ಸುಮ್ಮನೆ ಬಿಡುತ್ತೇನೆ. ನೋಡಲು ಕರಗಿದಂತೆ ಕಂಡರೂ ಕಣಗಳು ಒಳಗಿನವರೆಗೆ ನೀರು ಹೀರಲು ಹೊತ್ತು ಬೇಕು. ಈ ಅರ್ಧ ಗಂಟೆ ತಪ್ಪಿಸಿದ ದಿನ ಮೊಸರು ನಾಲಿಗೆಗೆ ತರಿತರಿಯಾಗಿ ಸಿಗುತ್ತದೆ.

ಆಮೇಲೆ ಕಾಯಿಸುವುದು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. "ಪುಡಿ ಮಾಡುವಾಗಲೇ ಬಿಸಿ ಮಾಡಿರುತ್ತಾರಲ್ಲ" ಎಂದು ನಾನೂ ಅಂದುಕೊಂಡಿದ್ದೆ. ಆದರೆ ಎಲ್ಲ ಪುಡಿಯನ್ನೂ ಒಂದೇ ಮಟ್ಟಕ್ಕೆ ಕಾಯಿಸಿರುವುದಿಲ್ಲ. ಹಾಲನ್ನು ಸುಮಾರು 85 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸ್ವಲ್ಪ ಹೊತ್ತು ಹಿಡಿದಾಗ, ನೀರಿನಲ್ಲಿ ತೇಲುತ್ತಿದ್ದ ವೇ ಪ್ರೋಟೀನ್ ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಅಂಟುತ್ತದೆ. ಆಗ ಅದೂ ಬಲೆಯ ಭಾಗವಾಗುತ್ತದೆ. ಕಾಯಿಸದಿದ್ದರೆ ಅದು ನೀರಿನ ಜೊತೆಯಲ್ಲೇ ಹರಿದುಹೋಗುತ್ತದೆ. ಥರ್ಮಾಮೀಟರ್ ಬೇಕಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ಹಬೆ ಆಡತೊಡಗಿದ ಮೇಲೆ ಉರಿ ಸಣ್ಣ ಮಾಡಿ, ಹತ್ತು ನಿಮಿಷ ತಳ ಕೆದಕುತ್ತಾ ಇರಿ. ಪುಡಿ ಹಾಲು ತಾಜಾ ಹಾಲಿಗಿಂತ ಬೇಗ ತಳ ಹಿಡಿಯುತ್ತದೆ, ಕೈ ಬಿಡಬೇಡಿ. ಪುಡಿಯಲ್ಲೋ ನೀರಿನಲ್ಲೋ ಬೇಡದ ಸೂಕ್ಷ್ಮಜೀವಿ ಇದ್ದರೂ ಈ ಕಾಯಿಸುವಿಕೆಯಲ್ಲಿ ಅವುಗಳ ಕಾಟ ಬಹುಮಟ್ಟಿಗೆ ತೀರುತ್ತದೆ.

ಆರಿದ ಮೇಲೆ ತೊಳೆದ ಕಿರುಬೆರಳು ಅದ್ದಿ ನೋಡಿ. ಬಿಸಿ ಅನ್ನಿಸಬೇಕು, ಆದರೆ ಹತ್ತು ಎಣಿಸುವವರೆಗೆ ತಾಳುವಂತಿರಬೇಕು. ಅದು 40–42 ಡಿಗ್ರಿಯ ಹತ್ತಿರ. ಅರ್ಧ ಲೀಟರಿಗೆ ಎರಡು ಸಣ್ಣ ಚಮಚ ಹೆಪ್ಪು ಸಾಕು, ಸ್ವಲ್ಪ ಹಾಲಿನಲ್ಲಿ ಕದಡಿ ಬೆರೆಸಿ. ಬಟ್ಟೆ ಸುತ್ತಿ ಬೆಚ್ಚಗಿಟ್ಟರೆ ಐದಾರು ಗಂಟೆ, ಹಾಗೇ 28–30 ಡಿಗ್ರಿಯ ಕೋಣೆಯಲ್ಲಿಟ್ಟರೆ ಎಂಟು ಹತ್ತು ಗಂಟೆ. ನಡುವೆ ಅಲ್ಲಾಡಿಸಿ ನೋಡುವ ಚಪಲ ಬೇಡ. ಪಾತ್ರೆ ಮೆಲ್ಲಗೆ ಓರೆ ಮಾಡಿದಾಗ ಒಂದೇ ಗಡ್ಡೆಯಾಗಿ ವಾಲಿದರೆ ಆಯಿತು, ತಕ್ಷಣ ಫ್ರಿಜ್ಜಿಗೆ ಹಾಕಿ. ನಾಲ್ಕು ಗಂಟೆ ತಣ್ಣಗಾದ ಮೇಲೆ ಅದರ ನಿಜವಾದ ಗಟ್ಟಿತನ ಬರುವುದು.

ಮತ್ತೂ ನೀರಾದರೆ ಆ ನೀರು ಹೇಗಿದೆ ಎಂದು ನೋಡಿ. ಮೊಸರು ಬದಿ ಬಿಟ್ಟು ಕುಗ್ಗಿ, ಸುತ್ತ ತಿಳಿ ಹಸಿರು ಬಣ್ಣದ ನೀರು ನಿಂತಿದ್ದು ಹುಳಿಯೂ ಜಾಸ್ತಿಯಿದ್ದರೆ ಹೆಪ್ಪು ಹೆಚ್ಚಾಗಿದೆ, ಇಲ್ಲವೇ ಬಿಸಿಯಲ್ಲಿ ಹೊತ್ತು ಮೀರಿದೆ. ನೀರು ಬೇರೆಯಾಗದೆ ಇಡೀ ಮೊಸರೇ ಸಡಿಲವಾಗಿದ್ದರೆ ಪುಡಿ ಕಡಿಮೆ ಬಿದ್ದಿದೆ ಅಥವಾ ಕಾಯಿಸಿದ್ದು ಸಾಲದು. ನೀವು ಬರೆದಿರುವುದು ಈ ಎರಡನೆಯದು ಅಂತ ನನ್ನ ಊಹೆ.

ಅಪರೂಪಕ್ಕೆ ಅರ್ಧ ಲೀಟರ್ ತಾಜಾ ಹಾಲು ಸಿಕ್ಕ ದಿನ ಅದನ್ನೇ ಅರ್ಧ ಲೀಟರ್ ಕಲಸಿದ ಹಾಲಿನ ಜೊತೆ ಸೇರಿಸಿ ಕಾಯಿಸಿ. ಕಲಸಿದ್ದನ್ನು ಮಾತ್ರ ಮೊಸರಿನ ಅಳತೆಗಿಂತಲೂ ಚೂರು ಗಟ್ಟಿ ಮಾಡಿ, 85 ಗ್ರಾಂ ಹಾಕಿ. ಪುಡಿಯ ವಾಸನೆ ಅರ್ಧಕ್ಕರ್ಧ ಅಡಗುತ್ತದೆ. ಮೊಸರಿಗೆ ಯಾರಾದರೂ ಸೌಟು ಇಳಿಸುವ ಮೊದಲೇ ಎರಡು ಚಮಚ ತೆಗೆದು ಬೇರೆ ಬಟ್ಟಲಲ್ಲಿ ಮುಚ್ಚಿಡಿ, ನಾಳೆಯ ಹೆಪ್ಪಿಗೆ. ನಮ್ಮನೆಯಲ್ಲಿ ಅದನ್ನೂ ಯಾರೋ ತಿಂದು ಮುಗಿಸಿದ ದಿನವೇ ಹೊರಗೆ ಹೆಪ್ಪು ಸಿಗದೆ ನಾನು ಪೇಚಾಡಿದ್ದು.