ಅಬ್ಬಕ್ಕನ ನಾಟಕದಲ್ಲಿ ನಿಜ ಎಷ್ಟು, ಕಟ್ಟಿದ್ದು ಎಷ್ಟು?

ಪ್ರಶ್ನೆ: "ಮೊನ್ನೆ ಮಂಗಳೂರಿನಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನ ನಾಟಕ ನೋಡಿದೆ. ಅದರಲ್ಲಿ ನಿಜವಾಗಿ ನಡೆದದ್ದು ಯಾವುದು, ಬರೆದವರು ಸೇರಿಸಿದ್ದು ಯಾವುದು? ಇತಿಹಾಸ ಇದ್ದ ಹಾಗೇ ತೋರಿಸಲು ಅವರಿಗೇನು ಕಷ್ಟ?"

ನಾನು ಇಲ್ಲಿನ ಒಂದು ಹವ್ಯಾಸಿ ತಂಡಕ್ಕೆ ಅಬ್ಬಕ್ಕನ ನಾಟಕ ಬರೆದುಕೊಟ್ಟವನು. ನೀವು ನೋಡಿದ್ದು ನಮ್ಮದೇ ನಾಟಕವೋ ಬೇರೆಯದೋ ಗೊತ್ತಿಲ್ಲ. ಆದರೆ ಅಬ್ಬಕ್ಕನ ಕಥೆ ರಂಗಕ್ಕೆ ಬರುವಾಗ ಮಾರ್ಪಾಡು ಆಗುವುದು ಸಾಮಾನ್ಯವಾಗಿ ಅದೇ ಎರಡು ಮೂರು ಜಾಗಗಳಲ್ಲಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಒಬ್ಬಳೇ ರಾಣಿ ಇರುವುದು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕಪ್ಪ ಕೊಡಲಿಲ್ಲ ಎಂದು ಪೋರ್ಚುಗೀಸರು ಉಳ್ಳಾಲದ ರಾಣಿಯ ಮೇಲೆ ಹಡಗು ಕಳಿಸಿದ್ದು 1555ರಲ್ಲಿ. ಗೋವಾದ ವೈಸ್‌ರಾಯ್ ತಾನೇ ದಂಡು ಕಟ್ಟಿಕೊಂಡು ಬಂದು, ಮಂಗಳೂರಿನಲ್ಲಿ ಕೋಟೆ ಕಟ್ಟಿಸಿದ್ದು 1568ರಲ್ಲಿ. ಕೆಳದಿಯ ವೆಂಕಟಪ್ಪ ನಾಯಕ ರಾಣಿಯ ಗಂಡ ಬಂಗರಸನನ್ನೂ ಅವನ ಬೆನ್ನಿಗಿದ್ದ ಪೋರ್ಚುಗೀಸರನ್ನೂ ಸೋಲಿಸಿದ್ದು 1618ರಲ್ಲಿ. ನಾಟಕದಲ್ಲಿ ಈ ಮೂರೂ ಒಬ್ಬಳದೇ ಬದುಕಿನಲ್ಲಿ ನಡೆಯುತ್ತವೆ. 1555ರಲ್ಲಿ ಅವಳಿಗೆ ಇಪ್ಪತ್ತು ವರ್ಷ ಎಂದುಕೊಂಡರೂ 1618ಕ್ಕೆ ಎಂಬತ್ತಮೂರಾಯಿತು, ಅಲ್ವಾ?

ಈಗ ಇನ್ನೊಂದು ಕಡೆಯಿಂದ ನೋಡೋಣ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ನಮ್ಮ ಕಡೆ ಬಂದಿದ್ದ. ಗೋವಾದಿಂದ ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೋಗಿ, ಆಮೇಲೆ ಕರಾವಳಿಗೆ ಇಳಿದ. ರಾಣಿಯನ್ನು ನೋಡಲೇಬೇಕು ಎಂದು ಮಂಗಳೂರಿನಿಂದ ಒಳನಾಡಿನ ಮಣೇಲ್‌ಗೆ ಹೋದ. ಅವಳ ಹೆಸರನ್ನು ಅಬಗ ದೇವಿ ಚೌಟ ಎಂದು ಓದಬಹುದಾದ ಹಾಗೆ ಬರೆದಿಟ್ಟಿದ್ದಾನೆ. ಅವನ ಕಣ್ಣಿಗೆ ಅವಳು ಸುಮಾರು ನಲವತ್ತರ ಹೆಂಗಸು. ಇನ್ನೂ ಜಾಸ್ತಿ ವಯಸ್ಸಾಗಿದೆ ಎಂದು ಜನ ಹೇಳಿದ್ದರು, ಹಾಗೆ ಕಾಣಲಿಲ್ಲ ಎಂದೂ ಬರೆಯುತ್ತಾನೆ. ಅವನ ಅಂದಾಜು ಹತ್ತು ವರ್ಷ ತಪ್ಪಿದ್ದರೂ 1555ರಲ್ಲಿ ಈ ರಾಣಿ ಹುಟ್ಟೇ ಇರಲಿಲ್ಲ. ಅಂದರೆ ಉಳ್ಳಾಲದಲ್ಲಿ ಕನಿಷ್ಠ ಇಬ್ಬರು ರಾಣಿಯರು. ಮೂವರು ಎನ್ನುವ ಇತಿಹಾಸಕಾರರೂ ಇದ್ದಾರೆ.

ಇದು ಗೊತ್ತಿದ್ದೂ ನಾನು ಒಬ್ಬಳನ್ನೇ ಮಾಡಿದೆ. ಮೊದಲ ಕರಡಿನಲ್ಲಿ ಇಬ್ಬರು ಇದ್ದರು. ಓದಿ ನೋಡುವಾಗ ತೊಂದರೆ ತಿಳಿಯಿತು. ಮೊದಲ ಹತ್ತು ನಿಮಿಷದಲ್ಲಿ ಪ್ರೇಕ್ಷಕರು ಒಂದು ಮುಖವನ್ನು ಹಿಡಿದುಕೊಂಡುಬಿಡುತ್ತಾರೆ. ನಡುವೆ ಆ ಮುಖ ಹೋಗಿ ಇನ್ನೊಬ್ಬಳು ಬಂದರೆ ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಎರಡು ಗಂಟೆಯ ನಾಟಕಕ್ಕೆ ಅದು ತಾಳುವುದಿಲ್ಲ. ಜನರ ಬಾಯಿಯಲ್ಲಿ ಬಂದ ಕಥೆಯೂ ಇದೇ ಕೆಲಸ ಮಾಡಿದೆ. ಎಲ್ಲ ಅಬ್ಬಕ್ಕರನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿಟ್ಟಿದೆ.

ಎರಡನೆಯದು ಗಂಡ. ನಾಟಕದಲ್ಲಿ ಬಂಗರಸ ದ್ರೋಹಿ. ಹೆಂಡತಿಯ ಮೇಲಿನ ಸಿಟ್ಟಿಗೆ ಪರಂಗಿಗಳ ಜೊತೆ ಸೇರುತ್ತಾನೆ. ಅವನು ಪೋರ್ಚುಗೀಸರ ನೆರವು ಪಡೆದದ್ದು ನಿಜ. ಆದರೆ ದೆಲ್ಲಾ ವಾಲೆ ಕೇಳಿ ಬರೆದುಕೊಂಡ ಪ್ರಕಾರ, ಮದುವೆ ಮುರಿದವಳು ರಾಣಿ. ಗಂಡ ಕೊಟ್ಟಿದ್ದ ಒಡವೆಗಳನ್ನು ಹಿಂದಕ್ಕೆ ಕಳಿಸಿದಳಂತೆ. ಒಮ್ಮೆ ಅವನ ಜನ ಹೊಳೆಯಲ್ಲಿ ಅವಳನ್ನು ಹಿಡಿದರಂತೆ. ಅವಳು ಮಾತಿನಲ್ಲೇ ಅವನನ್ನು ಒಲಿಸಿಕೊಂಡು ಬಿಡಿಸಿಕೊಂಡಳಂತೆ. ಊರಿಗೆ ಬಂದವಳೇ ವೆಂಕಟಪ್ಪ ನಾಯಕನನ್ನು ಕರೆಸಿದಳು. ಗಂಡ ಪೋರ್ಚುಗೀಸರನ್ನು ಕರೆಸಿದ. ಇಲ್ಲಿ "ಅಂತೆ" ಎಂದು ಹೇಳುವುದಕ್ಕೆ ಕಾರಣ ಇದೆ. ರಾಣಿಯ ಭೇಟಿ ದೆಲ್ಲಾ ವಾಲೆ ಕಣ್ಣಾರೆ ಕಂಡದ್ದು. ಮದುವೆಯ ಕಥೆ ಬರೀ ಕೇಳಿದ್ದು. ಎರಡಕ್ಕೂ ಒಂದೇ ತೂಕ ಕೊಡಬಾರದು.

ಈ ಒಡವೆಯ ವಿಷಯ ರಂಗದ ಮೇಲೆ ಯಾಕೆ ಬರುವುದಿಲ್ಲ? ಅದನ್ನು ತೋರಿಸಬೇಕಾದರೆ ಅಳಿಯಕಟ್ಟು ವಿವರಿಸಬೇಕು. ಉಳ್ಳಾಲವನ್ನು ಆಳುತ್ತಿದ್ದ ಚೌಟರಲ್ಲಿ ಸೀಮೆಯ ಹಕ್ಕು ಹೋಗುತ್ತಿದ್ದದ್ದು ತಾಯಿಯ ಕಡೆಯಿಂದ. ಗಂಡ ಹೋದರೆ ರಾಣಿಯ ಗದ್ದುಗೆಗೆ ಏನೂ ಆಗುವುದಿಲ್ಲ. ಮದುವೆ ಮುರಿಯುವುದು ಅವಳಿಗೆ ಅವಮಾನವೂ ಅಲ್ಲ. ನಮ್ಮ ಊರಿನ ಹಿರಿಯರಿಗೆ ಇದು ಒಂದು ಮಾತಿಗೆ ಅರ್ಥವಾಗುತ್ತದೆ. ಘಟ್ಟದ ಮೇಲಿನ ಪ್ರೇಕ್ಷಕರಿಗೆ ಅರ್ಥ ಮಾಡಿಸಲು ಒಂದು ಇಡೀ ದೃಶ್ಯ ಬೇಕು. ದ್ರೋಹಿ ಗಂಡ ಎಂದರೆ ಯಾರಿಗೂ ವಿವರಣೆ ಬೇಡ. ಆದ್ದರಿಂದ ಬರೆಯುವವರು ಆ ಕಡೆ ವಾಲುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲದ ಬದಲಾವಣೆ. ರಾಣಿಯರನ್ನು ಒಂದು ಮಾಡುವುದರಿಂದ ಬರೀ ಇಸವಿ ಕೆಡುತ್ತದೆ. ಗಂಡನನ್ನು ಖಳನನ್ನಾಗಿ ಮಾಡಿದರೆ ಅವಳೇ ಕೈಗೊಂಡ ತೀರ್ಮಾನ ಅವಳಿಂದ ಹೋಗುತ್ತದೆ. ಬಿಟ್ಟವಳು ಹೋಗಿ, ಮೋಸಹೋದವಳು ಆಗುತ್ತಾಳೆ.

ನಾಟಕದ ಕೊನೆಯಲ್ಲಿ ಅಬ್ಬಕ್ಕ ಸೆರೆಮನೆಯಲ್ಲಿ ಸಾಯುವುದೂ ಹೀಗೆಯೇ ಜನರ ಕಥೆಯಿಂದ ಬಂದದ್ದು. 1618ರ ಯುದ್ಧ ಮುಗಿದು ಐದು ವರ್ಷ ಆದಮೇಲೂ ಆ ರಾಣಿ ಬದುಕಿದ್ದಳು, ಆಳುತ್ತಿದ್ದಳು. ನಾಟಕಕ್ಕೆ ಕೊನೆಯಲ್ಲಿ ಒಂದು ಬಲಿದಾನ ಬೇಕು, ಅಷ್ಟೇ. "ದೇಶದ ಸ್ವಾತಂತ್ರ್ಯ" ಎಂಬ ಉದ್ದುದ್ದ ಮಾತುಗಳೂ ನಮ್ಮ ಕಾಲದವು. ಅವತ್ತಿನ ಜಗಳ ಕಪ್ಪದ್ದು, ಅಕ್ಕಿ ಮೆಣಸಿನ ವ್ಯಾಪಾರದ್ದು, ಯಾರ ಹಡಗು ಯಾರ ಪರವಾನಗಿಯಲ್ಲಿ ಹೋಗಬೇಕು ಎಂಬುದರದ್ದು. ಅದಕ್ಕಾಗಿ ಪರಂಗಿಗಳ ಎದುರು ನಿಂತದ್ದು ಸಣ್ಣ ವಿಷಯ ಏನೂ ಅಲ್ಲ.

ಇನ್ನು ವೇಷ. ಇಲ್ಲಿ ಕಣ್ಣಾರೆ ಕಂಡ ಸಾಕ್ಷಿ ಇದೆ. ದೆಲ್ಲಾ ವಾಲೆ ಮಣೇಲ್‌ನ ಪೇಟೆಬೀದಿಯಲ್ಲಿ ನಿಂತಿದ್ದಾಗ ರಾಣಿ ಎದುರಿನಿಂದ ನಡೆದುಕೊಂಡೇ ಬಂದಳು. ತಾನು ಮಾಡಿಸುತ್ತಿದ್ದ ಅಗೆತದ ಕೆಲಸ ನೋಡಲು ಹೊರಟವಳು. ಬರಿಗಾಲು. ಸೊಂಟಕ್ಕೆ ದಪ್ಪ ಬಿಳಿ ಹತ್ತಿಬಟ್ಟೆ. ಮೇಲುಡುಗೆ ಇಲ್ಲ, ತಲೆಗೆ ಕಟ್ಟಿದ ಒಂದು ಬಟ್ಟೆ ಹೆಗಲ ಮೇಲೆ ಇಳಿದಿತ್ತು. ಕಪ್ಪು ಮೈಬಣ್ಣ, ದಪ್ಪ ದೇಹ, ಆದರೆ ಚುರುಕು ನಡಿಗೆ. ಮೇಲೆ ಒಂದು ಓಲೆಕೊಡೆ. ನೋಡಿದರೆ ಅಡುಗೆಯವಳೋ ಬಟ್ಟೆ ಒಗೆಯುವವಳೋ ಅನ್ನಿಸುತ್ತದೆ ಎಂದು ಬರೆಯುತ್ತಾನೆ. ಅದು ಯುರೋಪಿನ ಸಿರಿವಂತ ಮನೆಯವನ ಕಣ್ಣು. ಅವನೇ ಮುಂದೆ, ಮಾತಾಡುವಾಗ ಅವಳ ದನಿ ಮಾತ್ರ ಚೆನ್ನಾಗಿತ್ತು, ಮಾತಿನಲ್ಲಿ ಬುದ್ಧಿವಂತಿಕೆ ಇತ್ತು ಎನ್ನುವ ಅರ್ಥದಲ್ಲಿ ಬರೆಯುತ್ತಾನೆ.

ನಾಟಕದ ರೇಷ್ಮೆ ಸೀರೆ, ರವಿಕೆ, ಕಿರೀಟ ಯಾವುದೂ ಇದರಲ್ಲಿ ಇಲ್ಲ. ರವಿಕೆಯಿಲ್ಲದ ವೇಷವನ್ನು ಇವತ್ತು ಯಾವ ಕಲಾವಿದೆಯಿಂದಲೂ ಕೇಳುವ ಹಾಗಿಲ್ಲ, ಕೇಳಬಾರದು ಕೂಡ. ಕಿರೀಟ ಇರುವುದು ಹಿಂದಿನ ಸಾಲಿನವರಿಗೆ ರಾಣಿ ಯಾರು ಎಂದು ತಿಳಿಯಲಿ ಎಂದು. ಓಲೆಕೊಡೆಯನ್ನು ನಾವು ತಂದು ನೋಡಿದೆವು. ಮೇಲಿನ ಲೈಟಿಗೆ ಅದರ ನೆರಳು ಬಿದ್ದು ಕಲಾವಿದೆಯ ಮುಖವೇ ಕಾಣಲಿಲ್ಲ. ಎರಡು ದಿನ ಒದ್ದಾಡಿ ಅದನ್ನು ಬಿಟ್ಟೆವು.

ಒಂದನ್ನು ಮಾತ್ರ ನಾನು ಬಿಡಲಿಲ್ಲ. ನಮ್ಮ ಅಬ್ಬಕ್ಕ ಚಪ್ಪಲಿ ಹಾಕುವುದಿಲ್ಲ. ತಾಲೀಮಿನಲ್ಲಿ ಕಲಾವಿದೆ ಯಾಕೆ ಎಂದು ಕೇಳಿದಾಗ ಮಣೇಲ್‌ನ ಆ ಪುಟ ಓದಿ ಹೇಳಿದೆ. ಮರುದಿನದಿಂದ ಅವರ ನಡಿಗೆಯೇ ಬೇರೆಯಾಯಿತು. ಮೆರವಣಿಗೆಯ ನಡಿಗೆ ಹೋಗಿ, ತೋಟದಲ್ಲಿ ಕೆಲಸ ನೋಡಲು ಹೊರಟ ಹೆಂಗಸಿನ ಬಿರುಸು ಬಂತು.