h ಒಂದು ಚುಕ್ಕೆಯಲ್ಲಿ ಇಲ್ಲ, ಗೆರೆಯ ಓರೆಯಲ್ಲಿ ಇದೆ

ಫೋಟೋಎಲೆಕ್ಟ್ರಿಕ್ ಪ್ರಯೋಗದಿಂದ ಪ್ಲಾಂಕ್ ಸ್ಥಿರಾಂಕ h ತೆಗೆಯಲು ಹೋದ ಒಬ್ಬರು ಇಲ್ಲಿ ಕೇಳಿದ್ದಾರೆ. ಅವರು ಹೇಳುವ ಸ್ಟಾಪಿಂಗ್ ಪೊಟೆನ್ಷಿಯಲ್ ಅಂದರೆ ಬೆಳಕು ಹೊರಡಿಸಿದ ಎಲೆಕ್ಟ್ರಾನ್‌ಗಳನ್ನು ಪೂರ್ತಿ ತಡೆಯುವ ವೋಲ್ಟೇಜ್.

"ಮರ್ಕ್ಯುರಿ ಲ್ಯಾಂಪ್‌ನ ಐದು ಬಣ್ಣದ ಗೆರೆಗೂ ಸ್ಟಾಪಿಂಗ್ ಪೊಟೆನ್ಷಿಯಲ್ ತೆಗೆದೆ. ಹಳದಿ 0.60, ಹಸಿರು 0.73, ನೀಲಿ 1.28, ನೇರಳೆ 1.51, ಯುವಿ 1.82 ವೋಲ್ಟ್. ಒಂದೊಂದನ್ನೂ ಅದರ ಫ್ರೀಕ್ವೆನ್ಸಿಯಿಂದ ಭಾಗಿಸಿ e ಯಿಂದ ಗುಣಿಸಿದೆ. h ಐದು ಸಲವೂ ಬೇರೆ ಬೇರೆ, ಸರಾಸರಿ 2.76 × 10⁻³⁴. ಟ್ಯೂಬ್ ಕೆಟ್ಟಿದೆಯಾ?"

ಟ್ಯೂಬ್ ಚೆನ್ನಾಗಿದೆ, ದಯವಿಟ್ಟು ಬದಲಾಯಿಸಬೇಡಿ. ಹೀಗೇ ಭಾಗಿಸಿ ನಾನೂ ಒಂದು ವಾರ ಕಳೆದಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಫ್ರೀಕ್ವೆನ್ಸಿಗೆ ಎದುರಾಗಿ ವೋಲ್ಟೇಜ್ ಹಾಕಿ ಗ್ರಾಫ್ ಎಳೆದರೆ ನಿಮ್ಮ ಗೆರೆ ಸೊನ್ನೆಯಿಂದ ಹೊರಡುವುದಿಲ್ಲ ಅಲ್ವಾ? ಹಾಗಿದ್ದ ಮೇಲೆ V ಯನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿ ಪ್ರಯೋಜನವಿಲ್ಲ. ಪ್ರತಿ ರೀಡಿಂಗ್‌ನಲ್ಲೂ ಒಂದೇ ಮೊತ್ತ ಮೊದಲೇ ಕಳೆದುಹೋಗಿರುತ್ತದೆ. ಎರಡು ರೀಡಿಂಗ್‌ಗಳ ವ್ಯತ್ಯಾಸ ತೆಗೆದರೆ ಮಾತ್ರ ಅದು ಬಿದ್ದುಹೋಗುತ್ತದೆ. ಹಳದಿ 5.19, ಯುವಿ 8.21 (× 10¹⁴ ಹರ್ಟ್ಸ್). ನಡುವೆ 3.02. ವೋಲ್ಟೇಜ್ ಏರಿದ್ದು 1.22. ಅಂದರೆ ಫ್ರೀಕ್ವೆನ್ಸಿ 10¹⁴ ಜಾಸ್ತಿಯಾದಾಗಲೆಲ್ಲ ಎಲೆಕ್ಟ್ರಾನ್ ತಡೆಯಲು ಇನ್ನೂ 0.404 ವೋಲ್ಟ್ ಬೇಕು. ಸ್ಲೋಪ್ ಹೇಳುವುದು ಇಷ್ಟೇ: ಒಂದು ಫೋಟಾನ್‌ನ ಶಕ್ತಿ ಎಷ್ಟೆಷ್ಟು ಏರಿತು ಎಂದು. ಅದು h/e, ಬರೀ h ಅಲ್ಲ. e, ಅಂದರೆ ಎಲೆಕ್ಟ್ರಾನ್‌ನ ಚಾರ್ಜ್ 1.602 × 10⁻¹⁹ ರಿಂದ ಗುಣಿಸಿ: 6.47 × 10⁻³⁴. ನಿಜವಾದ 6.626 ಕ್ಕಿಂತ ಸುಮಾರು ಶೇಕಡಾ 2.3 ರಷ್ಟು ಕಡಿಮೆ. ಇಂಥ ಸೆಟ್‌ಗೆ ಇದು ಒಳ್ಳೆಯ ಫಲಿತಾಂಶ.

ಐದೂ ಚುಕ್ಕೆ ಸೇರಿಸಬೇಕೆಂದರೆ, ಎ ಕಾಲಂನಲ್ಲಿ ಫ್ರೀಕ್ವೆನ್ಸಿ, ಬಿ ಯಲ್ಲಿ ವೋಲ್ಟೇಜ್ ಹಾಕಿ:

```
=SLOPE(B2:B6, A2:A6)
```

ವೋಲ್ಟೇಜ್ ಮೊದಲು ಬರಬೇಕು. ತಿರುಗಿಸಿ ಹಾಕಿದರೆ ಶೀಟ್ ತಕರಾರು ಮಾಡದೆ ತಪ್ಪು ಉತ್ತರ ಕೊಡುತ್ತದೆ. ಆದರೆ ಮೊದಲು ಕೈಯಲ್ಲಿ ಗ್ರಾಫ್ ಎಳೆಯಿರಿ. ಚುಕ್ಕೆ ನೋಡದೆ ಸೀದಾ ಶೀಟ್‌ಗೆ ಹೋಗುವ ಅಭ್ಯಾಸ ನನಗೆ ಸ್ವಲ್ಪವೂ ಇಷ್ಟವಿಲ್ಲ. ಯಾಕೆ ಅಂತ ಹೇಳುತ್ತೇನೆ.

ಭಾಗಿಸುವ ತಪ್ಪು ತಿದ್ದಿಕೊಂಡ ಮೇಲೂ ನನಗೆ h 5.5 ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಕೊನೆಗೆ ನೀಲಿ, ನೇರಳೆ, ಯುವಿ ಮೂರಕ್ಕೆ ಮಾತ್ರ ಸ್ಕೇಲ್ ಇಟ್ಟು ಗೆರೆಯನ್ನು ಎಡಕ್ಕೆ ಉದ್ದ ಮಾಡಿದೆ. ಹಳದಿ, ಹಸಿರು ಎರಡೂ ಗೆರೆಗಿಂತ ಮೇಲೆ ಕೂತಿದ್ದವು, ಹೆಚ್ಚುಕಡಿಮೆ 0.15 ವೋಲ್ಟ್. ಕಾರಣ ತಲೆ ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟ್. ಅದರ ಬೆಳಕಿನಲ್ಲಿ ನೀಲಿಯೂ ಇದೆ. ಚೂರು ನೀಲಿ ಒಳಗೆ ನುಸುಳಿದರೂ ಅದು ಹೊರಡಿಸಿದ ವೇಗದ ಎಲೆಕ್ಟ್ರಾನ್‌ಗಳನ್ನೂ ತಡೆಯಬೇಕಾಗುತ್ತದೆ, ಹಳದಿಯ ರೀಡಿಂಗ್ ಏರಿಬಿಡುತ್ತದೆ. ಎಡತುದಿ ಮೇಲೆದ್ದರೆ ಗೆರೆ ಮಲಗುತ್ತದೆ, h ಇಳಿಯುತ್ತದೆ. ದೀಪ ಆರಿಸಿದೆ. ಮೀಟರ್‌ನ ಅಂಕಿ ಕಣ್ಣೆದುರೇ ಇಳಿಯಿತು. ಆಮೇಲೆ ಹಳದಿ ಫಿಲ್ಟರ್ ಹಾಕಿದೆ, ಫೋಟೋಟ್ಯೂಬ್‌ನ ಬಾಯಿಗೆ ಕಪ್ಪು ಬಟ್ಟೆ ಸುತ್ತಿದೆ. ಸೆಟ್ ಜೊತೆ ಬರುವ ತೆಳ್ಳನೆ ಪ್ಲಾಸ್ಟಿಕ್ ಫಿಲ್ಟರ್ ನಂಬಬೇಡಿ, ಗಾಜಿನದ್ದು ಸಿಕ್ಕರೆ ಅದೇ ಹಾಕಿ. ನಿಮ್ಮ ಹಳದಿಗೆ ಇದೇ ಪರೀಕ್ಷೆ ಮಾಡಿದೆ. ನೀಲಿ, ನೇರಳೆ, ಯುವಿ ಮೂರರ ಗೆರೆ ಅಲ್ಲಿ 0.60 ಕೊಡುತ್ತದೆ, ನಿಮ್ಮದೂ 0.60. ಬೆಳಕು ನುಸುಳಿಲ್ಲ.

"ಲ್ಯಾಂಪ್ ಹತ್ತಿರ ತನ್ನಿ, ವೋಲ್ಟೇಜ್ ಏರುತ್ತದೆ" ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಇಲ್ಲ ಸರ್, ಏರುವುದು ಕರೆಂಟ್. ಹತ್ತಿರ ತಂದಾಗ ವೋಲ್ಟೇಜೂ ಚೆನ್ನಾಗಿ ಏರಿದರೆ ಮೊದಲು ನುಸುಳುವ ಬೆಳಕು ಹುಡುಕಿ. ಎಲ್‌ಇಡಿಯಲ್ಲಿ ನೇರ ಭಾಗಿಸಿಯೇ h ಬಂತು ಎಂದವರ ಮಾತು ಸುಳ್ಳಲ್ಲ, ಆದರೆ ಅದು ಬೇರೆ ಪ್ರಯೋಗ. ಎಲ್‌ಇಡಿ ಹತ್ತಿಕೊಳ್ಳುವ ವೋಲ್ಟೇಜ್ ಫೋಟಾನ್ ಶಕ್ತಿಗೆ ಸುಮಾರಾಗಿ ಹತ್ತಿರ ಇರುತ್ತದೆ, ಹಾಗಾಗಿ ಅಲ್ಲಿ ಭಾಗಾಕಾರ ನಡೆದುಹೋಗುತ್ತದೆ. ಆ ಅಭ್ಯಾಸ ಇಲ್ಲಿಗೆ ತರಬೇಡಿ.

ಇನ್ನು ಗ್ರಾಫ್‌ನ ಗೆರೆಯನ್ನು ಸೊನ್ನೆ ಫ್ರೀಕ್ವೆನ್ಸಿವರೆಗೂ ಎಳೆದಾಗ ಕೆಳಗೆ ಮುಟ್ಟುವ −1.49 ವೋಲ್ಟ್. ಅದು ಕ್ಯಾಥೋಡ್‌ನ ವರ್ಕ್ ಫಂಕ್ಷನ್, ಅಂದರೆ ಬೆಳಕು ಬೀಳುವ ಲೋಹದಿಂದ ಎಲೆಕ್ಟ್ರಾನ್ ಬಿಡಿಸಲು ಬೇಕಾದ ಶಕ್ತಿ, ಎಂದು ಇನ್ನೊಬ್ಬರು ಹೇಳಿದ್ದು ಅರ್ಧ ಸರಿ. ಪುಸ್ತಕದ ಸಮೀಕರಣದಲ್ಲಿ ಹೌದು. ಆದರೆ ಟ್ಯೂಬ್ ಒಳಗೆ ಎರಡು ಲೋಹ ಇವೆ, ಅವುಗಳ ನಡುವೆ ತಾನಾಗಿಯೇ ಹುಟ್ಟುವ ವೋಲ್ಟೇಜ್, ಅಂದರೆ ಕಾಂಟ್ಯಾಕ್ಟ್ ಪೊಟೆನ್ಷಿಯಲ್, ಮೀಟರ್‌ಗೆ ಕಾಣುವುದಿಲ್ಲ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಕೊನೆಗೆ ಉಳಿಯುವುದು ಎಲೆಕ್ಟ್ರಾನ್ ಹಿಡಿಯುವ ಆನೋಡ್‌ನ ವರ್ಕ್ ಫಂಕ್ಷನ್. ಎಲ್ಲ ಬಣ್ಣಕ್ಕೂ ಅದು ಒಂದೇ, ಹಾಗಾಗಿ ಸ್ಲೋಪ್‌ಗೆ ಏನೂ ಆಗುವುದಿಲ್ಲ. ಭೌತವಿಜ್ಞಾನಿ ಮಿಲಿಕನ್ 1916 ರಲ್ಲಿ ಸೋಡಿಯಂ, ಲಿಥಿಯಂ ಮೇಲ್ಮೈಗಳನ್ನು ನಿರ್ವಾತದಲ್ಲೇ ಕೆರೆದು ಅಳೆದಾಗ ಕಾಂಟ್ಯಾಕ್ಟ್ ಪೊಟೆನ್ಷಿಯಲ್ ಅನ್ನೂ ಬೇರೆಯಾಗಿ ಅಳೆದರು. ಅವರಿಗೆ ಸಿಕ್ಕ h 6.57 × 10⁻³⁴.

ನಿಮ್ಮ 1.49 ರಲ್ಲಿ ಇನ್ನೊಂದು ಬೆರಕೆಯೂ ಇರಬಹುದು. ಕ್ಯಾಥೋಡ್‌ನ ಲೋಹ ಆವಿಯಾಗಿ ಆನೋಡ್ ಮೇಲೆ ಕೂತಿದ್ದರೆ, ಬೆಳಕು ಬಿದ್ದಾಗ ಅದೂ ಎಲೆಕ್ಟ್ರಾನ್ ಬಿಡುತ್ತದೆ. ಕರೆಂಟ್ ಸೊನ್ನೆಗೆ ಬೇಗ ಬಂದುಬಿಡುತ್ತದೆ. ನೀಲಿ ಬೆಳಕಿನಲ್ಲಿ 1.28 ದಾಟಿಸಿ 3 ವೋಲ್ಟ್‌ವರೆಗೂ ತಡೆಯುವ ವೋಲ್ಟೇಜ್ ಹೆಚ್ಚಿಸಿ ನೋಡಿ. ಕರೆಂಟ್ ಮೀಟರ್‌ನ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದಾ, ಆಚೆ ಬದಿಗೆ ಹೋಗಿ ನಿಲ್ಲುತ್ತದಾ? ಆ ರೀಡಿಂಗ್ ಇಲ್ಲೇ ಹಾಕಿ. ಅದಿಲ್ಲದೆ 1.49 ಯಾರದ್ದು ಎಂದು ನಾನು ಹೇಳಲಾರೆ.